ಬೆರಳ ಹಿಡಿಯೊಳಗೆ ಹೊಸ ಬೊಕೆ

ಮದುವೆ ಆಲ್ಬಂ ಮಾಡುವ ಸ್ಟುಡಿಯೊಗಳಿಗೆ ಇಂಥ ಬೇಡಿಕೆ ಬರುತ್ತಲೇ ಇರುತ್ತದೆ. ಆರತಕ್ಷತೆಯ ಫೋಟೊದಲ್ಲಿ ಮದುಮಗಳ ನಗು, ಸೀರೆ, ಬೆಳಕು ಎಲ್ಲವೂ ಸೊಗಸಾಗಿ ಬಂದಿವೆ. ಆದರೆ ನೆಂಟರು ಕೊಟ್ಟ ಬೊಕೆ ಕೈಯಲ್ಲೇ ಉಳಿದುಬಿಟ್ಟಿದೆ. ಅದಕ್ಕೆ ಪಳಪಳ ಹೊಳೆಯುವ ಬೆಳ್ಳಿ ಬಣ್ಣದ ಹಾಳೆ ಸುತ್ತಿದೆ, ಮೇಲೆ ಅಂಗಡಿಯ ಸ್ಟಿಕ್ಕರ್ ಬೇರೆ. "ಸರ್, ಇದನ್ನು ತೆಗೆದು ಕೆಂಪು ಗುಲಾಬಿ ಹಾಕಿಕೊಡಿ" ಎನ್ನುತ್ತಾರೆ ಮನೆಯವರು. ಕೇಳಲು ಸುಲಭ. ಆದರೆ ಹೂವನ್ನು ಕತ್ತರಿಸಿ ಅಂಟಿಸಿದ ಕೂಡಲೇ ಅದು ಕೈಯಲ್ಲಿರುವಂತೆ ಕಾಣುವುದಿಲ್ಲ, ಕೈಯ ಮುಂದೆ ತೇಲುವಂತೆ ಕಾಣುತ್ತದೆ.

ಕಾರಣ ತಿಳಿಯಬೇಕಾದರೆ ಒಂದು ಚಾಮರವನ್ನೋ ಛತ್ರಿಯನ್ನೋ ಹಿಡಿದು ಕನ್ನಡಿಯ ಮುಂದೆ ನಿಂತು ನೋಡಬೇಕು. ಅಂಗೈ ಹಿಡಿಕೆಯ ಹಿಂದಿರುತ್ತದೆ, ನಾಲ್ಕು ಬೆರಳು ಹಿಡಿಕೆಯನ್ನು ಬಳಸಿ ಮುಂದೆ ಬಂದಿರುತ್ತವೆ. ಅಂದರೆ ಹಿಡಿದ ವಸ್ತು ಕೈಯ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಕೈಯ ಎರಡು ಭಾಗಗಳ ನಡುವೆ ಇದೆ. ಬೊಕೆಯ ವಿಷಯದಲ್ಲಿ ಇನ್ನೊಂದು ತೊಡಕೂ ಉಂಟು. ಕೆಳಗಿನ ಸಾಲಿನ ಎಲೆ, ಎಸಳು ಬಾಗಿ ತೋರುಬೆರಳಿನ ಮೇಲೆ ಇಳಿದಿರುತ್ತವೆ. ಹೀಗಾಗಿ ಕ್ಯಾಮೆರಾದಿಂದ ಅತಿ ದೂರಕ್ಕೆ ಅಂಗೈ ಮತ್ತು ಸೀರೆ, ಅದರ ಮುಂದೆ ದಂಟುಗಳ ಕಟ್ಟು, ಅದರ ಮುಂದೆ ಬೆರಳು, ಎಲ್ಲಕ್ಕಿಂತ ಮುಂದೆ ಒಂದೆರಡು ಎಸಳು. ಈ ಕ್ರಮ ಸರಿಯಾಗಿ ಕೂತರೆ ಅರ್ಧ ಕೆಲಸ ಮುಗಿದಂತೆ. ಫೋಟೊಶಾಪ್‌ಗೆ 1994ರಲ್ಲಿ, ಅದರ 3.0 ಆವೃತ್ತಿಯಲ್ಲಿ, ಲೇಯರ್ ಬಂತು. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ ಚಿತ್ರದ ಭಾಗಗಳನ್ನು ಬೇರೆಬೇರೆಯಾಗಿ ಜೋಡಿಸುವ ಈ ಅನುಕೂಲದ ಮೇಲೆಯೇ ಇಂದಿಗೂ ಈ ಕೆಲಸ ನಿಂತಿದೆ.

ಕಂಪ್ಯೂಟರ್ ಮುಟ್ಟುವ ಮೊದಲೇ ತೀರ್ಮಾನಿಸಬೇಕಾದದ್ದು ಹೊಸ ಬೊಕೆ ಯಾವುದು ಎಂಬುದು. ಹಳೆಯ ಬೊಕೆ ಮುಚ್ಚಿದ್ದ ಜಾಗವನ್ನೆಲ್ಲ ಹೊಸದೂ ಮುಚ್ಚುವಂತಿದ್ದರೆ ದಾರಿ ಸಲೀಸು. ಹೊಸದು ಚಿಕ್ಕದಾದರೆ ಅದರ ಸುತ್ತ ಸೀರೆಯ ನೆರಿಗೆ, ಜರಿಯ ಅಂಚು, ಸರದ ತುದಿ ಎಲ್ಲವನ್ನೂ ಊಹಿಸಿ ತುಂಬಬೇಕಾಗುತ್ತದೆ, ಏಕೆಂದರೆ ಬೊಕೆಯ ಹಿಂದೆ ಅಡಗಿದ್ದುದು ಕ್ಯಾಮೆರಾದಲ್ಲಿ ದಾಖಲಾಗಿರುವುದೇ ಇಲ್ಲ. ಸಾದಾ ಬಟ್ಟೆಯಾದರೆ ಹೇಗೋ ತುಂಬಬಹುದು. ಜರಿಯ ವಿನ್ಯಾಸ ಒಂದೆಡೆ ತಪ್ಪಿದರೂ ಕಣ್ಣು ಹಿಡಿಯುತ್ತದೆ.

ಹಿಡಿಕೆಯ ದಪ್ಪವೂ ಅಷ್ಟೇ ಮುಖ್ಯ. ಬೆರಳು ಎಷ್ಟು ಮಡಿಚಿದೆ ಎಂಬುದನ್ನು ನಿರ್ಧರಿಸಿದ್ದು ಹಳೆಯ ಹಿಡಿಕೆ. ದಪ್ಪ ಕಟ್ಟನ್ನು ಬಳಸಿದ್ದ ಬೆರಳುಗಳೊಳಗೆ ಒಂಟಿ ಗುಲಾಬಿಯ ದಂಟು ಇಟ್ಟರೆ ಹಿಡಿ ಸಡಿಲವಾಗಿ, ಹೂವು ಈಗಲೋ ಆಗಲೋ ಜಾರಿ ಬೀಳುವಂತೆ ಕಾಣುತ್ತದೆ. ಆದ್ದರಿಂದ ನಮ್ಮ ಮದುಮಗಳಿಗೆ ಒಂಟಿ ಹೂವಲ್ಲ, ದಂಟುಗಳನ್ನು ಒಟ್ಟಿಗೆ ಸೇರಿಸಿ ರಿಬ್ಬನ್ ಸುತ್ತಿದ ಗುಲಾಬಿ ಗುಚ್ಛವೇ ಬೇಕು. ಅದನ್ನು ಸ್ಟುಡಿಯೊದಲ್ಲೇ ಫೋಟೊ ತೆಗೆಯುವುದು ಉತ್ತಮ. ಮೂಲ ಫೋಟೊದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿದ್ದರೆ ಇಲ್ಲಿಯೂ ಎಡಗಡೆಯಿಂದಲೇ ಬೀಳಬೇಕು, ಕ್ಯಾಮೆರಾ ಅದೇ ಎತ್ತರದಲ್ಲಿರಬೇಕು. ಬಣ್ಣವನ್ನು ಆಮೇಲೆ ತಿದ್ದಬಹುದು, ಎಸಳಿನ ಯಾವ ಮಗ್ಗುಲಿಗೆ ಬೆಳಕು ಬಿದ್ದಿದೆ ಎಂಬುದನ್ನು ತಿದ್ದುವುದು ಬಹಳ ಕಷ್ಟ.

ಈಗ ಬೆರಳು ಬಿಡಿಸುವ ಕೆಲಸ. ಮೂಲ ಚಿತ್ರದ ಲೇಯರನ್ನು Ctrl+J ಒತ್ತಿ ನಕಲು ಮಾಡಿಕೊಂಡು, ಚಿತ್ರವನ್ನು 200% ಹಿಗ್ಗಿಸಿ, Pen Tool ಹಿಡಿದು ನಾಲ್ಕು ಬೆರಳುಗಳ ಸುತ್ತ ಗೆರೆ ಎಳೆಯಬೇಕು. ಗೆರೆ ಬೆರಳಿನ ಅಂಚಿನ ಮೇಲಲ್ಲ, ಸುಮಾರು ಒಂದು ಪಿಕ್ಸೆಲ್‌ನಷ್ಟು ಒಳಗೆ ಹೋಗಬೇಕು. ಅಂಚಿನ ಪಿಕ್ಸೆಲ್‌ಗಳಲ್ಲಿ ಚರ್ಮದ ಬಣ್ಣದ ಜತೆ ಹಳೆಯ ಬೆಳ್ಳಿ ಹಾಳೆಯ ಬಣ್ಣವೂ ಬೆರೆತಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಕೆಂಪು ಗುಲಾಬಿಯ ಮುಂದೆ ಬೆರಳಿಗೆ ಬಿಳಿ ದಾರ ಸುತ್ತಿದಂಥ ಗೆರೆ ಉಳಿಯುತ್ತದೆ. ಕೈಕೆಲಸ ಗೊತ್ತಾಗುವುದು ಹೆಚ್ಚಾಗಿ ಇಲ್ಲಿಯೇ. ಬಿಡಿಸಿದ ಭಾಗದ ಹೊರಗಿನದನ್ನು ಅಳಿಸದೆ Layer Mask ಹಾಕಿ ಮರೆಮಾಡಬೇಕು. ಉಗುರಿನ ತುದಿ ಚೂರು ಕತ್ತರಿಸಿಹೋಗಿದ್ದರೆ ಆಗ ಅದನ್ನು ಮರಳಿ ತರಬಹುದು.

ಬೆರಳಿನ ಲೇಯರ್‌ನ ಕೆಳಗೆ ಹೊಸ ಬೊಕೆಯನ್ನು ತಂದು ಕೂರಿಸುವಾಗ ಎರಡು ಜಾಗ ನೋಡಬೇಕು. ತೋರುಬೆರಳಿನ ಮೇಲೆ ದಂಟಿನ ಕಟ್ಟು ಎಲ್ಲಿ ಹೊರಬರುತ್ತದೆ, ಕಿರುಬೆರಳಿನ ಕೆಳಗೆ ಎಲ್ಲಿ ಇಳಿಯುತ್ತದೆ? ಇವೆರಡೂ ಒಂದೇ ನೇರದಲ್ಲಿರಬೇಕು. ಕೈ ನಡುವೆ ಮುಚ್ಚಿಕೊಂಡಿದ್ದರೂ ನೋಡುವವರ ಕಣ್ಣು ಆ ಗೆರೆಯನ್ನು ತಾನೇ ಕೂಡಿಸಿಕೊಳ್ಳುತ್ತದೆ. ಕೂಡದಿದ್ದರೆ ದಂಟು ಮುಷ್ಟಿಯೊಳಗೆ ಮುರಿದಂತೆ ತೋರುತ್ತದೆ.

ಇಷ್ಟಾದ ಮೇಲೂ ಬೆರಳು ಹೂವಿನ ಮೇಲೆ ಅಂಟಿಸಿದ ಚೀಟಿಯಂತೆ ಕಾಣುತ್ತದಾದರೆ ಕೊರತೆ ನೆರಳಿನದು. ಮುಟ್ಟಿದ ಕಡೆ ಬೆಳಕು ನುಸುಳುವುದಿಲ್ಲ, ಅಲ್ಲಿ ಕಿರಿದಾದ ಕಪ್ಪು ಗೆರೆ ಮೂಡುತ್ತದೆ. ಬೆರಳು ಹಿಡಿಕೆಯಿಂದ ದೂರ ಸರಿದಂತೆ ನೆರಳು ಅಗಲವಾಗಿ, ತೆಳುವಾಗುತ್ತದೆ. ಇವೆರಡನ್ನೂ ಬೇರೆಬೇರೆಯಾಗಿ ಬರೆಯಬೇಕು. ಬೊಕೆ ಮತ್ತು ಬೆರಳಿನ ಲೇಯರ್‌ಗಳ ನಡುವೆ ಖಾಲಿ ಲೇಯರ್ ಇಟ್ಟು, ಅದನ್ನು Multiply ಮಾಡಿ, ನೆರಳು ಬೊಕೆಯ ಹೊರಗೆ ಚೆಲ್ಲದಂತೆ ಅದಕ್ಕೇ ಕಟ್ಟಿಹಾಕಿ, ಮೆದು ಬ್ರಷ್‌ನಿಂದ ಹಗುರವಾಗಿ ಹಲವು ಬಾರಿ ತೀಡಬೇಕು. ಬಣ್ಣ ಅಪ್ಪಟ ಕಪ್ಪಾಗಿರಬಾರದು. ರಿಬ್ಬನ್ನಿನದೇ ಕಡುಗೆಂಪನ್ನು ಆರಿಸಿಕೊಂಡು ಇನ್ನಷ್ಟು ಗಾಢ ಮಾಡಿದರೆ ನೆರಳು ಅಲ್ಲಿಗೇ ಸೇರಿದ್ದೆನಿಸುತ್ತದೆ. ಬೆಳಕು ಎಡದಿಂದ ಬಂದಿರುವುದರಿಂದ ನೆರಳು ಬೆರಳುಗಳ ಬಲ ಅಂಚಿನಲ್ಲಿ ದಟ್ಟವಾಗಿರಬೇಕು. ಎಲ್ಲ ಕಡೆ ಒಂದೇ ಸಮ ಹಚ್ಚಿದರೆ ಕೊಳೆ ಮೆತ್ತಿದಂತಾಗುತ್ತದೆ.

ಬಣ್ಣದ ಪ್ರತಿಫಲನವನ್ನೂ ಮರೆಯುವಂತಿಲ್ಲ. ಬೆಳ್ಳಿ ಹಾಳೆ ಬೆರಳುಗಳ ಒಳಮಗ್ಗುಲಿಗೆ ಬಿಳಿ ಹೊಳಪು ಎಸೆದಿತ್ತು. ಹಾಳೆ ಹೋದ ಮೇಲೆ ಆ ಹೊಳಪಿಗೆ ಕಾರಣವೇ ಇಲ್ಲ. ಅದನ್ನು ತಗ್ಗಿಸಿ, ಅದೇ ಜಾಗಕ್ಕೆ ಗುಲಾಬಿಯ ಕೆಂಪನ್ನು ಕಂಡೂ ಕಾಣದಷ್ಟು ಸೋಕಿಸಬೇಕು. ಕೈಗೆ ಮೆಹಂದಿ ಇದ್ದರೆ ಇಲ್ಲಿ ಬಹಳ ಜಾಗರೂಕತೆ ಬೇಕು. ಪಕ್ಕದ ಚರ್ಮವನ್ನು ನಕಲು ಮಾಡಿ ತೇಪೆ ಹಾಕಿದರೆ ಮೆಹಂದಿಯ ಬಳ್ಳಿ ನಡುವೆಯೇ ಕಡಿದುಹೋಗುತ್ತದೆ. ಬಣ್ಣವನ್ನು ಮಾತ್ರ ಬದಲಿಸಿ ವಿನ್ಯಾಸವನ್ನು ಮುಟ್ಟದಿರುವುದೇ ಸರಿ.

ಕೊನೆಗೆ ಹೊಸ ಬೊಕೆಯ ಲೇಯರ್‌ನಿಂದ ಬಾಗಿದ ಒಂದು ಎಲೆ, ಒಂದು ಎಸಳು ಬಿಡಿಸಿ ಬೆರಳಿನ ಲೇಯರ್‌ಗಿಂತ ಮೇಲಕ್ಕೆ ತಂದು, ತೋರುಬೆರಳಿನ ಗೆಣ್ಣನ್ನು ಸ್ವಲ್ಪ ಮುಚ್ಚಿ, ಅದರ ನೆರಳನ್ನು ಚರ್ಮದ ಮೇಲೆ ಬೀಳಿಸಬೇಕು. ಬೆರಳು ಹೂವನ್ನು ಮುಚ್ಚಿದೆ, ಹೂವು ಬೆರಳನ್ನು ಮುಚ್ಚಿದೆ. ಕಣ್ಣು ನಂಬುವುದು ಈ ಹೆಣಿಗೆಯನ್ನು.

ಪರೀಕ್ಷಿಸಲು ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಬೇಕು. ಬಣ್ಣದ ಮೋಡಿ ಹೋದಾಗ ಬೊಕೆ ಕೈಗಿಂತ ಹೆಚ್ಚು ಬೆಳ್ಳಗಿದೆಯೋ ಕಪ್ಪಗಿದೆಯೋ ಎಂಬುದು ನಿಚ್ಚಳವಾಗುತ್ತದೆ. ಆಮೇಲೆ ಎಡ ಬಲ ತಿರುಗಿಸಿ ನೋಡಬೇಕು. ನೋಡಿ ನೋಡಿ ಕಣ್ಣಿಗೆ ಒಗ್ಗಿಹೋಗಿದ್ದ ತಪ್ಪು ಆಗ ಎದ್ದು ಕಾಣುತ್ತದೆ. ಸಭಾಂಗಣದ ಮಂದ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಸಣ್ಣ ಕಾಳಿನಂಥ ನಾಯ್ಸ್ ಇರುತ್ತದೆ, ಸ್ಟುಡಿಯೊ ಹೂವಿನಲ್ಲಿ ಇರುವುದಿಲ್ಲ. ಅದನ್ನೂ ಅಷ್ಟೇ ಪ್ರಮಾಣದಲ್ಲಿ ಸೇರಿಸಬೇಕು.

ಫೋಟೊ ತೆಗೆಸುವವರು ಮನಸ್ಸು ಮಾಡಿದರೆ ಈ ಶ್ರಮದ ಬಹುಪಾಲನ್ನು ತಪ್ಪಿಸಬಹುದು. ವೇದಿಕೆಯ ಮೇಲೆ ಬೊಕೆ ಹಿಡಿದ ಫೋಟೊ ಆದ ಮೇಲೆ, ನಿಂತ ಭಂಗಿ ಬದಲಿಸದೆ, ಬೊಕೆ ಪಕ್ಕಕ್ಕಿಟ್ಟು ಇನ್ನೊಂದು ಫೋಟೊ ತೆಗೆಸಿಕೊಳ್ಳಿ. ಬೊಕೆಯ ಹಿಂದಿದ್ದ ಸೀರೆ, ಅಂಗೈ ಎರಡೂ ಅದರಲ್ಲಿ ದಾಖಲಾಗಿರುತ್ತವೆ. ಆಗ ಚಿಕ್ಕ ಬೊಕೆಯನ್ನೂ ಧೈರ್ಯವಾಗಿ ಆರಿಸಿಕೊಳ್ಳಬಹುದು.