ಖಡಕ್ ರೊಟ್ಟಿಗೆ ಎರಡು ಸಾಲು

ಬೆಂಗಳೂರಿನ ಹೋಟೆಲೊಂದು ಉತ್ತರ ಕರ್ನಾಟಕದ ಊಟದ ಹಬ್ಬ ನಡೆಸಿದರೆ, ಇನ್‌ಸ್ಟಾಗ್ರಾಮಿನ ಚಿತ್ರದಡಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತವೆ; ಉಳಿದದ್ದನ್ನು ಒತ್ತಿ ನೋಡಬೇಕು. ಹಾಗಾಗಿ ತಿನಿಸಿನ ಹೆಸರು ಮೊದಲು ಬರಬೇಕು, ಅದೂ ಕನ್ನಡದಲ್ಲಿ:

“ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬರ್ರಿ, ಉಣ್ಣೂಣು! Fri–Sun, 12–3.30 pm. Table book ಮಾಡ್ರಿ.”

ಇಲ್ಲಿ ರುಚಿ, ಕರೆ ಕನ್ನಡದ್ದು. ದಿನ, ವೇಳೆ ಇಂಗ್ಲಿಷಿನದು, ಕನ್ನಡ ಓದಲು ಬಾರದವರಿಗೂ ಅಷ್ಟು ತಿಳಿಯಲಿ ಎಂದು. ಎಣ್ಣೆಗಾಯಿಯನ್ನು “brinjal curry” ಎಂದರೆ ಶೇಂಗಾ, ಎಳ್ಳಿನ ಮಸಾಲೆ ತುಂಬಿದ ಇಡೀ ಬದನೆಕಾಯಿ ಕಣ್ಣಿಗೆ ಬರುವುದೇ ಇಲ್ಲ. “ಬರ್ರಿ” ಎಂದು ಕರೆದು “ಮಾಡಿ” ಎಂದು ಮುಗಿಸಿದರೂ ಧಾರವಾಡದವರಿಗೆ ಮಾತು ಎರವಲಿನದೆಂದು ತಕ್ಷಣ ಗೊತ್ತಾಗುತ್ತದೆ. ಅಲ್ಲಿಯ ಅಡುಗೆಯವರಿಗೆ ಒಮ್ಮೆ ಗಟ್ಟಿಯಾಗಿ ಓದಿ ಕೇಳಿಸಿದರೆ ಇಂಥ ತಪ್ಪು ಸಿಕ್ಕಿಬೀಳುತ್ತದೆ.