ಒಂದು ಬುಟ್ಟಾಗೆ ಎಷ್ಟು ನಿಮಿಷ?

ಮದುವೆ ಬ್ಲೌಸಿನ ತೋಳಿನ ಮೇಲೆ ಮಿನುಗುವ ಮಣಿ, ಜರಿ, ಕಲ್ಲುಗಳ ಕೆಲಸ ಬೊಟಿಕ್‌ನ ಗಾಜಿನ ಬಾಗಿಲ ಹಿಂದೆ ನಡೆಯುತ್ತದೆ ಎಂದು ಕೊಳ್ಳುವವರು ಅಂದುಕೊಂಡಿರುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಅದರ ದೊಡ್ಡ ಪಾಲು ನಡೆಯುವುದು ಬಾಡಿಗೆ ಮನೆಗಳ ಹಜಾರದಲ್ಲಿ. ಮಕ್ಕಳು ಶಾಲೆಗೆ ಹೋದ ಮೇಲೆ ಗೋಡೆಗೆ ಒರಗಿಸಿಟ್ಟ ಮರದ ಚೌಕಟ್ಟು ನೆಲಕ್ಕಿಳಿಯುತ್ತದೆ, ಅವರು ಮರಳುವ ಹೊತ್ತಿಗೆ ಮತ್ತೆ ಗೋಡೆ ಸೇರುತ್ತದೆ. ಆರಿ ವರ್ಕ್, ಮಗ್ಗಂ ವರ್ಕ್, ಬರೀ ಹ್ಯಾಂಡ್ ವರ್ಕ್ ಎಂದು ಹೇಗೆ ಕರೆದರೂ ಕೂಲಿ ಸಿಗುವುದು ಪೀಸ್ ಲೆಕ್ಕದಲ್ಲಿ. ಆ ಪೀಸ್ ರೇಟನ್ನು ಹೇಗೆ ಕಟ್ಟಬೇಕು ಎನ್ನುವುದೇ ಈ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ. ಸೂಜಿ ಹಿಡಿಯುವುದನ್ನು ಒಂದೆರಡು ತಿಂಗಳಲ್ಲಿ ಕಲಿಸುವ ತರಗತಿಗಳು ಬೀದಿಗೊಂದಿವೆ. ರೇಟು ಹೇಳುವುದನ್ನು ಅಲ್ಲಿ ಯಾರೂ ಕಲಿಸುವುದಿಲ್ಲ.

ಮೊದಲು ಕೆಲಸವನ್ನೇ ಹತ್ತಿರದಿಂದ ನೋಡೋಣ. ಟೈಲರ್ ಗುರುತು ಹಾಕಿಕೊಟ್ಟ, ಇನ್ನೂ ಕತ್ತರಿಸದ ಬ್ಲೌಸ್ ಪೀಸನ್ನು ಚೌಕಟ್ಟಿನ ಎರಡು ಪಟ್ಟಿಗಳಿಗೆ ಹೊಲಿದು, ಪಕ್ಕದ ಅಂಚುಗಳನ್ನು ದಾರದಿಂದ ಬಿಗಿದು, ಬೆರಳಲ್ಲಿ ಬಡಿದರೆ ತಮಟೆಯ ಹಾಗೆ ಸದ್ದು ಬರುವಂತೆ ಎಳೆದು ಕಟ್ಟುತ್ತಾರೆ. ಇಲ್ಲಿ ಸಡಿಲ ಬಿಟ್ಟರೆ ಕೆಲಸ ಮುಗಿದು ಬಟ್ಟೆ ಬಿಚ್ಚಿದಾಗ ಬುಟ್ಟಾ ಸುತ್ತಲೂ ಸುಕ್ಕು ಹಿಡಿಯುತ್ತದೆ, ಆಮೇಲೆ ಇಸ್ತ್ರಿಗೂ ಅದು ಹೋಗುವುದಿಲ್ಲ. ಟ್ರೇಸಿಂಗ್ ಹಾಳೆಯಲ್ಲಿ ಡಿಸೈನ್ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಒರೆಸಿದರೆ ಬಟ್ಟೆಯ ಮೇಲೆ ಚುಕ್ಕಿಗಳ ಸಾಲು ಮೂಡುತ್ತದೆ.

ಆರಿ ಸೂಜಿಯ ತುದಿಯಲ್ಲಿ ಕಣ್ಣಿಲ್ಲ, ಸಣ್ಣ ಕೊಕ್ಕೆ ಇದೆ. ಬಲಗೈ ಬಟ್ಟೆಯ ಮೇಲೆ, ಎಡಗೈ ದಾರ ಹಿಡಿದು ಬಟ್ಟೆಯ ಕೆಳಗೆ. ಸೂಜಿ ಕೆಳಗಿಳಿದು ದಾರಕ್ಕೆ ಕೊಕ್ಕೆ ಹಾಕಿ, ತುಸು ತಿರುಗಿ, ಕುಣಿಕೆಯನ್ನು ಮೇಲೆ ತರುತ್ತದೆ. ಮುಂದಿನ ಸಲ ಅದೇ ಕುಣಿಕೆಯೊಳಗಿಂದ ಇಳಿಯುತ್ತದೆ. ಚೈನ್ ಸ್ಟಿಚ್ ಹುಟ್ಟುವುದು ಹೀಗೆ. ಸಕ್ಕರೆ ಮಣಿ ಹಾಕುವಾಗ ನಾಲ್ಕೈದು ಮಣಿಗಳನ್ನು ಸೂಜಿಯ ಮೈಮೇಲೆ ಏರಿಸಿಕೊಂಡು, ಒಂದೊಂದನ್ನೇ ತುದಿಗೆ ಜಾರಿಸುತ್ತಾ, ಕುಣಿಕೆ ಮಣಿಯ ತೂತಿನಿಂದಲೇ ಮೇಲೆ ಬರುವಂತೆ ಎಳೆಯುತ್ತಾರೆ. ಜರ್ದೋಸಿಯ ದಾರಿ ಬೇರೆ. ಸ್ಪ್ರಿಂಗ್‌ನಂಥ ಆ ತಂತಿಯನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಸಾಮಾನ್ಯ ತೆಳು ಸೂಜಿಯಲ್ಲಿ ಪೋಣಿಸಿ ಹೊಲಿಯಬೇಕು. ಒಂದೇ ಅಂಗೈಯಗಲದ ಹೂವಿನಲ್ಲಿ ಜರಿ ಚೈನ್ ಹತ್ತು ನಿಮಿಷದಲ್ಲಿ ಮುಗಿದರೆ, ಜರ್ದೋಸಿ ತುಂಬುವುದಕ್ಕೆ ಅದರ ಹಲವು ಪಟ್ಟು ಹೊತ್ತು ಹಿಡಿಯುತ್ತದೆ. ದೂರದಿಂದ ನೋಡುವವರಿಗೆ ಎರಡೂ ಚಿನ್ನದ ಬಣ್ಣದ ಹೂವೇ. ರೇಟಿನ ಜಗಳ ಶುರುವಾಗುವುದು ಇಲ್ಲೇ.

ಮನೆಯಲ್ಲಿ ಕೂತು ಪೀಸ್ ಲೆಕ್ಕದಲ್ಲಿ ದುಡಿಯುವ ಬೇರೆ ಹೆಂಗಸರನ್ನು ನೋಡಿ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕವಿದೆ, ಅದಕ್ಕೆ ಸರ್ಕಾರ ದರ ನಿಗದಿ ಮಾಡುತ್ತದೆ. ಸೀರೆ ಕುಚ್ಚು ಹಾಕುವವರಿಗೂ ಎಣಿಕೆಯ ಆಸರೆ ಇದೆ. ಸೆರಗಿನ ಅಗಲ ಹೆಚ್ಚುಕಡಿಮೆ 45 ಇಂಚು, ಅರ್ಧ ಇಂಚಿಗೊಂದು ಗಂಟು ಎಂದರೆ ಸುಮಾರು 90 ಕುಚ್ಚು. ಒಂದು ಕುಚ್ಚಿಗೆ ಎಷ್ಟು ಮಣಿ ಎಂದು ಗೊತ್ತಾದರೆ ರೇಟು ತಾನಾಗಿಯೇ ಸಿಗುತ್ತದೆ. ಆರಿ ಬ್ಲೌಸಿಗೆ ಅಂಥ ಅಳತೆ ಇಲ್ಲ. ಬೊಟಿಕ್‌ನವರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿ "ಇದಕ್ಕೆ ಎಷ್ಟಾಗುತ್ತೆ?" ಎನ್ನುತ್ತಾರೆ. ಕೇಳಿದ ತಕ್ಷಣ ಬಾಯಿಗೆ ಬಂದ ಸಂಖ್ಯೆ ಹೇಳಿದರೆ ಅದು ಬಹುಪಾಲು ಕಡಿಮೆಯೇ ಇರುತ್ತದೆ. ಫೋಟೊದಲ್ಲಿ ಹೂವು ಕಾಣುತ್ತದೆ, ಅದಕ್ಕೆ ಹಿಡಿಯುವ ಹೊತ್ತು ಕಾಣುವುದಿಲ್ಲ.

ಹಾಗಾಗಿ ಅಳತೆಯನ್ನು ಕೆಲಸ ಮಾಡುವವರೇ ಹುಟ್ಟಿಸಿಕೊಳ್ಳಬೇಕು. ಡಿಸೈನಿನ ಒಂದು ಬುಟ್ಟಾ ಮತ್ತು ಬಾರ್ಡರಿನ ಒಂದು ಇಂಚನ್ನು ಚೂರು ಬಟ್ಟೆಯ ಮೇಲೆ ಹಾಕಿ, ಗಡಿಯಾರ ನೋಡಿ ನಿಮಿಷ ಬರೆದುಕೊಳ್ಳುವುದು ಇದಕ್ಕಿರುವ ನೇರ ದಾರಿ. ಒಂದು ಸಾಮಾನ್ಯ ಮದುವೆ ಬ್ಲೌಸನ್ನೇ ತೆಗೆದುಕೊಳ್ಳೋಣ. ತೋಳಿಗೆ ಎಂಟರಂತೆ ಎರಡೂ ತೋಳಿಗೆ 16 ಮಾವಿನ ಬುಟ್ಟಾ. ಒಂದೊಂದಕ್ಕೂ ಎರಡು ಸಾಲು ಜರಿ ಚೈನ್, ಒಂದು ಸಾಲು ಸಕ್ಕರೆ ಮಣಿ, ನಡುವೆ ಕುಂದನ್ ಕಲ್ಲು, ಕಲ್ಲಿನ ಸುತ್ತ ಜರ್ದೋಸಿ. ಬುಟ್ಟಾಗೆ 20 ನಿಮಿಷ ಎಂದರೆ 320 ನಿಮಿಷ. ತೋಳಿನ ಅಂಚು ತಲಾ 12 ಇಂಚು, ಒಟ್ಟು 24. ಕತ್ತು ಹಿಂದೆ ಮುಂದೆ ಸೇರಿ 40 ಇಂಚು. ಬಾರ್ಡರ್ ಇಂಚಿಗೆ 6 ನಿಮಿಷದಂತೆ ಈ 64 ಇಂಚಿಗೆ 384 ನಿಮಿಷ. ಬರೀ ಸೂಜಿ ಕೆಲಸವೇ ಹನ್ನೆರಡು ಗಂಟೆಗೆ ಹತ್ತಿರ ಬಂತು. ಟ್ರೇಸಿಂಗ್ ಮಾಡಿ ಬಟ್ಟೆ ಬಿಗಿಯುವುದಕ್ಕೆ ಒಂದೂವರೆ ಗಂಟೆ, ಕೊನೆಯಲ್ಲಿ ಹಿಂಬದಿಯ ಗಂಟು ನೋಡಿ, ಉಳಿದ ದಾರ ಕತ್ತರಿಸಿ, ಪುಡಿಯ ಗುರುತು ಒರೆಸುವುದಕ್ಕೆ ಮುಕ್ಕಾಲು ಗಂಟೆ. ಒಟ್ಟು 14 ಗಂಟೆ. ಈ ಎರಡು ಬಾಬ್ತನ್ನು ಹೊಸಬರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಗಂಟೆಗೆ 80 ರೂಪಾಯಿ ಎಂದಿಟ್ಟುಕೊಂಡರೆ ಕೂಲಿ 1,120. ಮಣಿ, ಜರಿ, ಕಲ್ಲು, ಜರ್ದೋಸಿಗೆ 350 ಸೇರಿಸಿದರೆ 1,470. ಇದೇ ಬ್ಲೌಸಿಗೆ "ಮೆಟೀರಿಯಲ್ ನಿಮ್ದೇ, 900 ಕೊಡ್ತೀವಿ" ಎಂಬ ಮಾತು ಬಂದರೆ ಕೈಗೆ ಉಳಿಯುವುದು 550, ಅಂದರೆ ಗಂಟೆಗೆ 40 ರೂಪಾಯಿ ಕೂಡ ಇಲ್ಲ. ಗಂಟೆಯ ದರ ಊರಿನಿಂದ ಊರಿಗೆ, ಕೈಯಿಂದ ಕೈಗೆ ಬೇರೆಯಾಗಲಿ. ಲೆಕ್ಕದ ದಾರಿ ಮಾತ್ರ ಇದೇ.

ಚೌಕಾಸಿಯಲ್ಲಿ ಈ ಲೆಕ್ಕದ ಬಲ ಏನು ಎಂದು ನೋಡಬೇಕಾದರೆ ನುರಿತವರ ಮಾತು ಕೇಳಬೇಕು.

"ಸಾವಿರಕ್ಕೆ ಮಾಡ್ಕೊಡಿ ಅಕ್ಕಾ, ಇನ್ನೂ ನಾಲ್ಕು ಬ್ಲೌಸ್ ಬರೋದಿದೆ."

"ಸಾವಿರಕ್ಕೂ ಆಗುತ್ತೆ ಮೇಡಂ. ತೋಳಿಗೆ ನಾಲ್ಕೇ ಬುಟ್ಟಾ ಹಾಕ್ತೀನಿ, ಕತ್ತಿನ ಬಾರ್ಡರ್ ಅರ್ಧ ಮಾಡ್ತೀನಿ. ನೋಡೋಕೆ ಚೆನ್ನಾಗೇ ಇರುತ್ತೆ."

ಇಲ್ಲಿ ಇಳಿದದ್ದು ಕೆಲಸ, ರೇಟಲ್ಲ. ಎಂಟು ಬುಟ್ಟಾ ಕಡಿಮೆಯಾದರೆ 160 ನಿಮಿಷ, ಕತ್ತಿನಲ್ಲಿ 120 ನಿಮಿಷ ಉಳಿಯಿತು. ಒಂಬತ್ತು ಗಂಟೆ ಚಿಲ್ಲರೆಯ ಕೂಲಿ ಸುಮಾರು 750, ಕಡಿಮೆಯಾದ ಸಾಮಾನಿಗೆ 250. ಸಾವಿರಕ್ಕೆ ಸರಿಹೋಯಿತು. "ಮುಂದೆ ತುಂಬಾ ಆರ್ಡರ್ ಕೊಡ್ತೀವಿ" ಎಂಬ ಮಾತಿಗೆ ಇವತ್ತಿನ ಕೂಲಿ ಇಳಿಸಿದರೆ ಮುಂದಿನ ಆರ್ಡರಿಗೂ ಅದೇ ಇಳಿದ ರೇಟು ಗಟ್ಟಿಯಾಗಿ ಕೂರುತ್ತದೆ. ಬೊಟಿಕ್ ನಡೆಸುವವರ ಕಷ್ಟವೂ ಸುಳ್ಳಲ್ಲ. ಅಂಗಡಿ ಬಾಡಿಗೆ, ಟೈಲರ್ ಸಂಬಳ, ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸುವ ಗಿರಾಕಿ ಎಲ್ಲವೂ ಅವರ ತಲೆಯ ಮೇಲಿರುತ್ತದೆ. ಆದರೆ ಆ ಹೊರೆಯನ್ನು ಪೂರ್ತಿಯಾಗಿ ಸೂಜಿ ಹಿಡಿದವರ ಗಂಟೆಗಳಿಂದ ಕಳೆಯುವುದು ಅನ್ಯಾಯ.

ಲೆಕ್ಕವನ್ನು ಸದ್ದಿಲ್ಲದೆ ಹಿಗ್ಗಿಸುವ ಸಂಗತಿಗಳೂ ಇವೆ. ಕಪ್ಪು, ನೇವಿ ಬಟ್ಟೆಯ ಮೇಲೆ ಕಡು ಬಣ್ಣದ ದಾರವೆಂದರೆ ದೀಪದ ಬೆಳಕಿನಲ್ಲಿ ಕೈ ನಿಧಾನವಾಗುತ್ತದೆ, ಅದೇ ಬುಟ್ಟಾಗೆ 20ರ ಬದಲು 30 ನಿಮಿಷ ಬೇಕಾಗಬಹುದು. ನೆಟ್ ಅಥವಾ ಜಾರ್ಜೆಟ್ ಆದರೆ ಮಣಿಯ ಭಾರ ತಡೆಯಲು ಕೆಳಗೆ ಲೈನಿಂಗ್ ಸೇರಿಸಿ ಬಿಗಿಯಬೇಕು. ಎಲ್ಲಕ್ಕಿಂತ ದೊಡ್ಡ ನಷ್ಟ ಬಿಚ್ಚಿ ಹಾಕುವ ಕೆಲಸದ್ದು. ರೇಷ್ಮೆಯಲ್ಲಿ ಸೂಜಿಯ ತೂತು ಮುಚ್ಚುವುದಿಲ್ಲ. ಗಿರಾಕಿ ಅರ್ಧದಲ್ಲಿ ಡಿಸೈನ್ ಬದಲಿಸಿದರೆ ಹಳೆಯ ಗೆರೆಯನ್ನು ಮುಚ್ಚುವಂತೆ ಹೊಸದನ್ನು ಹೊಂದಿಸಬೇಕಾಗುತ್ತದೆ, ಅದು ಹೊಸ ಕೆಲಸಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಟ್ರೇಸಿಂಗ್ ಆದ ಮೇಲಿನ ಬದಲಾವಣೆಗೆ ಬೇರೆ ದುಡ್ಡು ಎಂದು ಮೊದಲೇ ಹೇಳಿಡದಿದ್ದರೆ ಆಮೇಲೆ ಕೇಳಲು ಬಾಯಿ ಬರುವುದಿಲ್ಲ.

ಕೆಲಸದ ಗುಣ ನೋಡಬೇಕಾದರೆ ಬಟ್ಟೆ ತಿರುಗಿಸಬೇಕು. ಚೈನ್ ಸ್ಟಿಚ್‌ನ ಕೊನೆಯ ಕುಣಿಕೆಗೆ ಗಂಟು ಬೀಳದಿದ್ದರೆ ಒಂದು ಎಳೆ ಸಿಕ್ಕಿಕೊಂಡರೂ ಇಡೀ ಸಾಲು ಸರಸರನೆ ಬಿಚ್ಚಿಕೊಳ್ಳುತ್ತದೆ, ಜೊತೆಗೆ ಮಣಿಗಳೂ ಉದುರುತ್ತವೆ. ಕಟ್ ಮಣಿಗಳ ಚೂಪು ಅಂಚು ಒಂಟಿ ಎಳೆಯನ್ನು ಕೊಯ್ಯುತ್ತದೆ, ಅಲ್ಲಿ ದಾರ ಜೋಡಿಯಾಗಿರಬೇಕು. ಬರೀ ಅಂಟಿಸಿದ ಕಲ್ಲು, ಸುತ್ತಲೂ ಹೊಲಿದು ಹಿಡಿಸಿದ ಕಲ್ಲು ಮೊದಲ ದಿನ ಒಂದೇ ರೀತಿ ಹೊಳೆಯುತ್ತವೆ. ಡ್ರೈಕ್ಲೀನ್ ಆದ ಮೇಲೆ ಯಾವುದು ಯಾವುದೆಂದು ಗೊತ್ತಾಗುತ್ತದೆ. ಹೊಲಿಗೆ ಬರುವ ಜಾಗದಲ್ಲಿ ಮಣಿ ಬಿದ್ದರೆ ಟೈಲರ್ ಮಿಷನ್ ಸೂಜಿ ಮುರಿಯುತ್ತದೆ, ಮಣಿಯೂ ಒಡೆಯುತ್ತದೆ. ಗುರುತಿನಿಂದ ಒಳಕ್ಕೆ ಜಾಗ ಬಿಟ್ಟು ಹಾಕಿರುವುದು ಪಳಗಿದ ಕೈಯ ಲಕ್ಷಣ. "ಎಂಟ್ನೂರಕ್ಕೆ ಮಾಡೋರಿದ್ದಾರೆ" ಎಂದು ಬೊಟಿಕ್‌ನವರು ಹೇಳಿದಾಗ ಎರಡೂ ಕೆಲಸದ ಹಿಂಬದಿಯನ್ನು ಪಕ್ಕಪಕ್ಕ ಇಟ್ಟು ತೋರಿಸುವುದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಮನೆಯಲ್ಲಿ ಕೂತು ಸೂಜಿ ಹಿಡಿಯುವ ಇವರನ್ನು ಕಾನೂನು ಪೂರ್ತಿ ಮರೆತಿರಲಿಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಕಾರ್ಮಿಕರು ಯಾರು ಎಂದು ಹೇಳುವಾಗ, ಬೇರೆಯವರು ಕೊಟ್ಟ ಸಾಮಾನನ್ನು ಮನೆಗೆ ತಂದು ಸಿದ್ಧಪಡಿಸುವ, ಅಲಂಕರಿಸುವ ಹೊರಗೆಲಸದವರನ್ನೂ ಸೇರಿಸಿತ್ತು. ಅದರ ಜಾಗಕ್ಕೆ ರೂಪಿಸಿದ 2019ರ ವೇತನ ಸಂಹಿತೆಯಲ್ಲೂ ಪೀಸ್ ಕೆಲಸಕ್ಕೆ ಕನಿಷ್ಠ ಕೂಲಿ ನಿಗದಿ ಮಾಡಲು ಅವಕಾಶವಿದೆ. ಮನೆಯಲ್ಲಿ ಕೂತು ಬೇರೆಯವರಿಗಾಗಿ ತಯಾರಿಸಿಕೊಡುವವರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಮಾಡಿದ ಒಡಂಬಡಿಕೆಗೆ ಭಾರತ ಇನ್ನೂ ಒಪ್ಪಿಗೆ ಹಾಕಿಲ್ಲ. ಬೀದಿಯ ಮಟ್ಟದಲ್ಲಿ ಕೆಲಸಕ್ಕೆ ಬರುವುದು ಚೀಟಿ. ಬಟ್ಟೆ ಪಡೆದ ದಿನ, ಡಿಸೈನ್, ರೇಟು, ಸಾಮಾನು ಯಾರದು, ದುಡ್ಡು ಯಾವತ್ತು ಎಂದು ಬರೆದು ಇಬ್ಬರೂ ಸಹಿ ಹಾಕಿದ ಚೀಟಿ ಅಥವಾ ಅದನ್ನೇ ಬರೆದು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ. "ಗಿರಾಕಿ ಕೊಟ್ಟ ಮೇಲೆ ಕೊಡ್ತೀವಿ" ಎನ್ನುವುದಕ್ಕಿಂತ, ಸಾಮಾನಿನ ದುಡ್ಡು ಮುಂಗಡ, ಕೂಲಿ ಬ್ಲೌಸ್ ಕೊಟ್ಟ ದಿನ ಎಂದು ಬರೆಸಿಕೊಂಡವರ ಬಾಕಿ ಕಡಿಮೆ.

ರೇಟಿನ ಮಾತಿಗೆ ಸಮಯವೂ ಮುಖ್ಯ. ಮದುವೆ ಸೀಸನ್ನಿನಲ್ಲಿ ಬೊಟಿಕ್‌ಗೆ ಕೈಗಳು ಸಾಲುವುದಿಲ್ಲ, ಆಷಾಢದಲ್ಲಿ ಕೈಗಳಿಗೆ ಕೆಲಸ ಸಾಲುವುದಿಲ್ಲ. ಬಾಡಿಗೆ ಕಟ್ಟಬೇಕಾದ ಆಷಾಢದಲ್ಲಿ ಅರ್ಧ ಕೂಲಿಗೆ ಒಪ್ಪಿಕೊಂಡ ಬ್ಲೌಸ್, ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಬಂದಾಗ "ಹೋದ ತಿಂಗಳು ಮಾಡ್ಕೊಟ್ರಲ್ಲಾ" ಎಂಬ ಮಾತಾಗಿ ಎದುರು ನಿಲ್ಲುತ್ತದೆ. ಅನುಭವಸ್ಥರು ಆ ತಿಂಗಳಲ್ಲಿ ಸೀರೆ ಕುಚ್ಚು ಹಿಡಿಯುತ್ತಾರೆ, ಸ್ಯಾಂಪಲ್ ಚೂರುಗಳನ್ನು ಹಾಕಿಕೊಳ್ಳುತ್ತಾರೆ. ಒಂದೊಂದು ಚೂರಿನ ಹಿಂದೆ ನಿಮಿಷ, ಸಾಮಾನು, ರೇಟು ಬರೆದು ಪುಸ್ತಕಕ್ಕೆ ಹೊಲಿದಿಡುತ್ತಾರೆ. ಒಂದೇ ಬೊಟಿಕ್‌ಗೆ ಕೆಲಸ ಮಾಡುವ ಅಕ್ಕಪಕ್ಕದ ಮನೆಯವರು ಆ ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡಿದರೆ, ಒಂದೇ ಮಾವಿನ ಬುಟ್ಟಾಗೆ ಒಬ್ಬರಿಗೆ 40, ಇನ್ನೊಬ್ಬರಿಗೆ 25 ಸಿಗುತ್ತಿರುವುದು ಅಲ್ಲೇ ಗೊತ್ತಾಗುತ್ತದೆ, 25ಕ್ಕೆ ಮಾಡುತ್ತಿದ್ದವರು ಮುಂದಿನ ಪೀಸಿಗೆ ಏನು ಹೇಳಬೇಕೆಂಬುದೂ.