ಏರುವಾಗ ಎರಡು ಪಟ್ಟು, ಇಳಿಯುವಾಗ ಅದಕ್ಕೂ ಹೆಚ್ಚು

ಮಸ್ಕತ್ತಿನ ರೂವಿ ಬಡಾವಣೆಯಲ್ಲಿ, ಬ್ಯಾಂಕುಗಳ ಕಟ್ಟಡಗಳು ಒತ್ತೊತ್ತಾಗಿ ನಿಂತಿರುವ ಬೀದಿಗಳಿಗೆ ಹತ್ತಿರದಲ್ಲೇ ಕುಂದಾಪುರದ ಕಡೆಯ ಹಿರಿಯರೊಬ್ಬರ ಮನೆಯಿದೆ. ಅಲ್ಲಿನ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಷೇರುಪೇಟೆಯ ಮಾತು ಬಂದದ್ದೇ ತಡ, ಒಳಗೆ ಹೋಗಿ ಹಸಿರು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟರು. 1997–98ರಲ್ಲಿ ಬರೆದಿಟ್ಟದ್ದು. ಒಳಗೆ ಯಾವ ಗ್ರಾಹಕರ ಹೆಸರೂ ಇಲ್ಲ, ಬರೀ ಲೆಕ್ಕ. ಪ್ರತಿ ಪುಟದಲ್ಲೂ ಐದು ಕಾಲಂ: ಷೇರಿನ ಬೆಲೆ, ಒಟ್ಟು ಮೌಲ್ಯ, ಸಾಲ, ಕೈಗುಳಿಯುವುದು, ಕೊನೆಯದು ಕೆಂಪು ಶಾಯಿಯಲ್ಲಿ, ‘ಎಷ್ಟು ಪಟ್ಟು’. ಆ ಕೆಂಪು ಕಾಲಂ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ.

ಆ ಎರಡು ವರ್ಷ ಮಸ್ಕತ್ತಿನಲ್ಲಿ ನಡೆದದ್ದನ್ನು ಹಳೆಯ ಪತ್ರಿಕೆಗಳಿಂದ ಚುಟುಕಾಗಿ ಹೇಳಬಹುದು. ಒಮಾನಿನ ಷೇರುಪೇಟೆ ರಾಜಾಜ್ಞೆಯ ಮೂಲಕ ಸ್ಥಾಪನೆಯಾದದ್ದು 1988ರಲ್ಲಿ, ವಹಿವಾಟು ಶುರುವಾದದ್ದು ಮರುವರ್ಷ. 1997ರ ಒಂದೇ ವರ್ಷದಲ್ಲಿ ಅದರ ಸೂಚ್ಯಂಕ ದುಪ್ಪಟ್ಟಿಗೂ ಮೀರಿ ಏರಿತು. ಏರಿಕೆಯ ಬೆನ್ನಿಗೆ ಬ್ಯಾಂಕುಗಳ ಸಾಲವಿತ್ತು. 1998ರ ಆರಂಭದಲ್ಲಿ ಶಿಖರ ಮುಟ್ಟಿದ ಮೇಲೆ ಇಳಿಜಾರು ಹಿಡಿಯಿತು. ತೈಲದ ಬೆಲೆಯೂ ಅದೇ ವರ್ಷ ಕುಸಿದಿತ್ತು. ವರ್ಷ ಮುಗಿಯುವಷ್ಟರಲ್ಲಿ ಸೂಚ್ಯಂಕದ ಅರ್ಧಕ್ಕಿಂತ ಹೆಚ್ಚು ಭಾಗ ಕರಗಿತ್ತು. ಪೇಟೆಯ ಮೇಲೆ ಕಣ್ಣಿಡಲು ಬಂಡವಾಳ ಮಾರುಕಟ್ಟೆ ಪ್ರಾಧಿಕಾರ ರಚನೆಯಾದದ್ದೂ 1998ರಲ್ಲೇ.

ಬೆಲೆ ಅರ್ಧಕ್ಕಿಳಿದರೆ ಸ್ವಂತ ದುಡ್ಡು ಹಾಕಿದವರಿಗೆ ಅರ್ಧ ಹೋಗುತ್ತದೆ, ಅರ್ಧ ಉಳಿಯುತ್ತದೆ. ಸಾಲ ಮಾಡಿ ಹಾಕಿದವರಿಗೆ ಏನಾಗುತ್ತದೆ ಎಂಬುದೇ ಆ ಪುಸ್ತಕದ ವಿಷಯ. ಹಿರಿಯರು ಪೆನ್ಸಿಲ್ ಹಿಡಿದು ಮೊದಲ ಪುಟದ ಲೆಕ್ಕವನ್ನು ನನ್ನಿಂದಲೇ ಮಾಡಿಸಿದರು.

ನಿಮ್ಮ ಬಳಿ 1,000 ರಿಯಾಲ್ ಇದೆ. ಷೇರಿನ ಬೆಲೆ 2 ರಿಯಾಲ್. ಸಾಲವಿಲ್ಲದೆ 500 ಷೇರು ಕೊಳ್ಳಬಹುದು. ಇನ್ನೂ 1,000 ರಿಯಾಲ್ ಸಾಲ ತೆಗೆದು, ಕೊಂಡ ಷೇರುಗಳನ್ನೇ ಅಡವಿಟ್ಟರೆ 1,000 ಷೇರು. ಬಡ್ಡಿ ವರ್ಷಕ್ಕೆ ಶೇ 10 ಎಂದುಕೊಳ್ಳಿ. ಒಂದು ವರ್ಷದಲ್ಲಿ ಬೆಲೆ ಶೇ 30 ಏರಿ 2.600 ರಿಯಾಲ್ ಆಯಿತು. ಷೇರುಗಳ ಮೌಲ್ಯ 2,600. ಅಸಲು 1,000, ಬಡ್ಡಿ 100 ಕಳೆದರೆ ಕೈಗೆ 1,500. ಸಾಲ ಮಾಡದವರಿಗೆ ಶೇ 30 ಲಾಭವಾದರೆ ನಿಮಗೆ ಶೇ 50. ಈಗ ತಿರುಗಿಸಿ: ಬೆಲೆ ಶೇ 30 ಇಳಿದು 1.400 ಆಯಿತು. ಮೌಲ್ಯ 1,400. ಅದೇ 1,100 ಕಳೆಯಿರಿ. ಉಳಿದದ್ದು 300. ಸಾಲ ಮಾಡದವರಿಗೆ ಶೇ 30 ನಷ್ಟ, ನಿಮಗೆ ಶೇ 70.

ಬೆಲೆ ಎರಡು ಕಡೆಗೂ ಒಂದೇ ದೂರ ಸರಿದಿದೆ. ಆದರೂ ಒಂದು ಕಡೆ 50, ಇನ್ನೊಂದು ಕಡೆ 70. ನಡುವಿನ ವ್ಯತ್ಯಾಸ ಬಡ್ಡಿಯದು. ಬೆಲೆ ಏರಲಿ ಇಳಿಯಲಿ, ಬಡ್ಡಿ ಕಟ್ಟಲೇಬೇಕು. ಲಾಭದಿಂದ ಅದು ಕಳೆಯುತ್ತದೆ, ನಷ್ಟಕ್ಕೆ ಸೇರುತ್ತದೆ. ಬೆಲೆ ಇದ್ದಲ್ಲೇ ನಿಂತರೂ ನಿಮ್ಮ ಸಾವಿರದಲ್ಲಿ ನೂರು ಹೋಯಿತು. ಅಸಲಿಗೆ ಅಸಲು ಬರಬೇಕಾದರೂ ಬೆಲೆ ಶೇ 5 ಏರಬೇಕು. ಶೇ 45 ಇಳಿದರೆ ಮೌಲ್ಯ 1,100ಕ್ಕೆ ಬರುತ್ತದೆ, ಅದಷ್ಟೂ ಬ್ಯಾಂಕಿನದು. ಅದಕ್ಕೂ ಕೆಳಗೆ ಹೋದರೆ ಷೇರು ಪೂರ್ತಿ ಮಾರಿದರೂ ಸಾಲ ತೀರುವುದಿಲ್ಲ, ಸಂಬಳದಿಂದ ಕಟ್ಟಬೇಕು. ಸ್ವಂತ ದುಡ್ಡು ಹಾಕಿದವರ ಪಾಲು ಹೆಚ್ಚೆಂದರೆ ಸೊನ್ನೆಗೆ ಇಳಿದು ನಿಲ್ಲುತ್ತದೆ. ಸಾಲ ಮಾಡಿದವರಿಗೆ ಆ ತಳವೂ ಇಲ್ಲ.

ಇಷ್ಟು ಬಹಳ ಜನರಿಗೆ ಗೊತ್ತಿರುವುದೇ. ಕೆಂಪು ಕಾಲಂ ಹೇಳುವುದು ಇದಕ್ಕಿಂತ ಮುಂದಿನ ಮಾತು. ನಾವು ‘ಎರಡು ಪಟ್ಟು’ ಎಂದು ಸಲೀಸಾಗಿ ಹೇಳುತ್ತೇವೆ, ಆದರೆ ಆ ಎರಡು ಎಂಬುದು ಕೊಂಡ ದಿನಕ್ಕೆ ಮಾತ್ರ ಸತ್ಯ. ಬಡ್ಡಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲ ದಿನ ಷೇರು 2,000, ನಿಮ್ಮ ಪಾಲು 1,000, ಹಾಗಾಗಿ ಎರಡು ಪಟ್ಟು. ಬೆಲೆ 1.600ಕ್ಕೆ ಇಳಿದಾಗ ಷೇರು 1,600, ಸಾಲ ಕಳೆದು ನಿಮ್ಮ ಪಾಲು 600; ಈಗ ಎರಡೂ ಮುಕ್ಕಾಲು ಪಟ್ಟಿಗೆ ಹತ್ತಿರ. 1.400ರಲ್ಲಿ ಮೂರೂವರೆ. 1.200ರಲ್ಲಿ ಷೇರು 1,200, ನಿಮ್ಮ ಪಾಲು ಬರೀ 200: ಆರು ಪಟ್ಟು. ಅಲ್ಲಿ ನಿಂತವರಿಗೆ ಬೆಲೆ ಇನ್ನು ಶೇ 1 ಇಳಿದರೆ ಉಳಿದದ್ದರಲ್ಲಿ ಶೇ 6 ಹೋಗುತ್ತದೆ. ಸಾಲದ ಮೊತ್ತ ಒಂದು ಬೈಸಾವೂ ಹೆಚ್ಚಿಲ್ಲ, ಹೊಸ ಷೇರೂ ಕೊಂಡಿಲ್ಲ. ಕೈಕಟ್ಟಿ ಕೂತವರ ಅಪಾಯ ತಾನಾಗಿಯೇ ಮೂರರಷ್ಟಾಗಿದೆ. ನಾನು ಆ ಕಾಲಂ ಮೇಲಿನಿಂದ ಕೆಳಕ್ಕೆ ಮತ್ತೆ ಮತ್ತೆ ಓದಿದೆ. ಮಾರ್ಜಿನ್ ಸಾಲದ ಬಗ್ಗೆ ಬರೆಯುವವರು ಮೊದಲ ದಿನದ ಅಂಕಿಯನ್ನು ಕೊಟ್ಟು ಸುಮ್ಮನಾಗುತ್ತಾರೆ. ನೋಡಬೇಕಾದದ್ದು ಅದು ದಿನದಿನಕ್ಕೆ ಬದಲಾಗುವ ಬಗೆಯನ್ನು.

ಬೆಲೆ ಏರಿದಾಗ ಇದೇ ಅಂಕಿ ಕೆಳಗಿಳಿಯುತ್ತದೆ. 3 ರಿಯಾಲ್ ಆದಾಗ ಷೇರು 3,000, ನಿಮ್ಮ ಪಾಲು 2,000, ಒಂದೂವರೆ ಪಟ್ಟು. ಅಪಾಯ ಕಡಿಮೆಯಾಯಿತು ಎಂದು ಅಲ್ಲಿಗೇ ಬಿಟ್ಟರೆ ಒಳ್ಳೆಯದು. ಆದರೆ ಏರುವ ಪೇಟೆಯಲ್ಲಿ ಹಾಗೆ ಬಿಡುವವರು ಕಡಿಮೆ ಎಂದರು ಹಿರಿಯರು. “ಅಡವಿಟ್ಟದ್ದರ ಬೆಲೆ ಏರಿತಲ್ಲ, ಇನ್ನೊಂದು ಸಾವಿರ ಕೊಡಿ ಅಂತ ಬರ್ತಿದ್ರು ಮಾರಾಯ್ರೆ. ಕೊಡ್ಲಿಕ್ಕೂ ನಿಯಮ ಅಡ್ಡ ಬರ್ತಿರಲಿಲ್ಲ.” ಆ ಇನ್ನೊಂದು ಸಾವಿರಕ್ಕೆ 3 ರಿಯಾಲಿನ ಬೆಲೆಯಲ್ಲಿ 333 ಷೇರು ಬರುತ್ತವೆ. ಈಗ 1,333 ಷೇರು, ಮೌಲ್ಯ ಸುಮಾರು 4,000, ಸಾಲ 2,000. ಮತ್ತೆ ಎರಡು ಪಟ್ಟು. ಬೆಲೆ ಶುರುವಾದಲ್ಲಿಗೇ, ಅಂದರೆ 2 ರಿಯಾಲಿಗೆ ಮರಳಿತು ಎನ್ನಿ. ಷೇರುಗಳ ಮೌಲ್ಯ 2,666. ಸಾಲ ಕಳೆದರೆ 666. ಮೊದಲ ಸಾಲಕ್ಕೇ ನಿಂತವರ ಸಾವಿರ ಸಾವಿರವಾಗಿಯೇ ಇದೆ. ಲಾಭದ ಮೇಲೆ ಮರುಸಾಲ ಮಾಡಿದವರ ಸಾವಿರದಲ್ಲಿ ಮೂರನೇ ಒಂದು ಭಾಗ ಹೋಗಿದೆ. ಶಿಖರದಿಂದ ಬೆಲೆ ಸರಿಯಾಗಿ ಅರ್ಧಕ್ಕಿಳಿದು 1.500 ಆದರೆ? 1,333 ಷೇರಿಗೆ 2,000. ಸಾಲವೂ 2,000. ಪಾಲು ಸೊನ್ನೆ. 1998ರಲ್ಲಿ ಮಸ್ಕತ್ ಸೂಚ್ಯಂಕ ಇಳಿದದ್ದು ಅರ್ಧಕ್ಕಿಂತ ಹೆಚ್ಚು ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಪಟ್ಟಿನ ಲೆಕ್ಕ ಕೊನೆಯಲ್ಲಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಕೊಲ್ಲಿಯಲ್ಲೇ ಒಂದು ಉದಾಹರಣೆಯಿದೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕುವೈತಿನ ಸೂಕ್ ಅಲ್ ಮನಾಖ್ ಎಂಬ ಅನಧಿಕೃತ ಷೇರುಪೇಟೆಯಲ್ಲಿ ಸಾಲಕ್ಕೆ ಬ್ಯಾಂಕೂ ಬೇಕಿರಲಿಲ್ಲ. ಕೊಳ್ಳುವವರು ಮುಂದಿನ ತಾರೀಖಿನ ಚೆಕ್ ಬರೆದುಕೊಡುತ್ತಿದ್ದರು, ಮಾರುವವರು ಕಾಯುವುದಕ್ಕೆ ಪ್ರತಿಫಲವಾಗಿ ಬೆಲೆಯನ್ನೇ ಏರಿಸಿ ಆ ಚೆಕ್ ಪಡೆಯುತ್ತಿದ್ದರು. ಕೊಂಡವರ ಸ್ವಂತ ಪಾಲು ಸೊನ್ನೆ, ಅಂದಮೇಲೆ ‘ಎಷ್ಟು ಪಟ್ಟು’ ಎಂಬುದಕ್ಕೆ ಉತ್ತರವೇ ಇಲ್ಲ. ಬೆಲೆ ಏರುತ್ತಿರುವ ತನಕ ಒಂದು ಚೆಕ್ಕನ್ನು ಇನ್ನೊಂದು ತೀರಿಸುತ್ತಿತ್ತು. 1982ರ ಆಗಸ್ಟಿನಲ್ಲಿ ಚೆಕ್ಕುಗಳು ಹಣವಾಗದೆ ಪೇಟೆ ಕುಸಿದಾಗ ಬಾಕಿಯಿದ್ದ ಚೆಕ್ಕುಗಳ ಮೊತ್ತ 9,000 ಕೋಟಿ ಡಾಲರಿಗೂ ಮೇಲೆ. ಬ್ಯಾಂಕುಗಳು ‘ನಿಮ್ಮದು ಅರ್ಧ, ನಮ್ಮದು ಅರ್ಧ’ ಎಂದು ಹಟ ಹಿಡಿಯುವುದರ ಬೆಲೆ ಇದನ್ನು ಓದಿದವರಿಗೆ ತಿಳಿಯುತ್ತದೆ.

ಆ ಹಟಕ್ಕೆ ಇನ್ನೊಂದು ಮುಖವೂ ಇದೆ: ಮಾರ್ಜಿನ್ ಕಾಲ್. ಷೇರಿನ ಮೌಲ್ಯದಲ್ಲಿ ನಿಮ್ಮ ಪಾಲು ಇಷ್ಟಕ್ಕಿಂತ ಕೆಳಗಿಳಿಯಬಾರದು ಎಂಬ ಗೆರೆಯನ್ನು ಸಾಲ ಕೊಟ್ಟವರು ಎಳೆದಿರುತ್ತಾರೆ. ಗೆರೆ ಎಲ್ಲಿ ಎಂಬುದು ದೇಶ, ಸಂಸ್ಥೆ, ಷೇರು ನೋಡಿ ಬದಲಾಗುತ್ತದೆ. ಶೇ 30 ಎಂದು ಹಿಡಿಯೋಣ. ನಮ್ಮ ಉದಾಹರಣೆಯಲ್ಲಿ ಬೆಲೆ 1.400ಕ್ಕೆ ಬಂದಾಗ ಷೇರು 1,400, ಪಾಲು 400, ಅಂದರೆ ಶೇ 28.6. ಗೆರೆ ದಾಟಿತು. ಫೋನ್ ಬರುತ್ತದೆ: ಪಾಲನ್ನು ಮತ್ತೆ ಅರ್ಧಕ್ಕೆ ತರಲು 300 ರಿಯಾಲ್ ಕಟ್ಟಿ. ಕಟ್ಟದಿದ್ದರೆ ಬ್ಯಾಂಕೇ 429 ಷೇರು ಮಾರಿ ಸುಮಾರು 600 ರಿಯಾಲ್ ಸಾಲಕ್ಕೆ ಜಮಾ ಮಾಡುತ್ತದೆ. ನಿಮ್ಮ ಬಳಿ 571 ಷೇರು, 400 ರಿಯಾಲ್ ಸಾಲ.

ಆರು ತಿಂಗಳಲ್ಲಿ ಬೆಲೆ ಮತ್ತೆ 2 ರಿಯಾಲಿಗೆ ಬಂತು. ಸಾಲ ಮಾಡದ ನೆರೆಯವರ 500 ಷೇರಿಗೆ ಮತ್ತೆ 1,000 ರಿಯಾಲ್, ನಷ್ಟವೇ ಇಲ್ಲ. ನಿಮ್ಮ 571 ಷೇರಿಗೆ 1,142. ಸಾಲ ಕಳೆದರೆ 742. ನಿಮ್ಮ ಅಂದಾಜು ತಪ್ಪಾಗಿರಲಿಲ್ಲ, ಷೇರು ಚೇತರಿಸಿಕೊಂಡಿತು. ಆದರೂ ಕಾಲುಭಾಗಕ್ಕೂ ಹೆಚ್ಚು ಹೋಯಿತು. ತಳದಲ್ಲಿ ಮಾರಿದ ಷೇರುಗಳು ಮೇಲೆ ಬರುವಾಗ ನಿಮ್ಮವಾಗಿರಲಿಲ್ಲ. ಮಾರ್ಜಿನ್ ಸಾಲದ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ನಷ್ಟ ಹಿಗ್ಗುವುದನ್ನಾದರೂ ಸಹಿಸಬಹುದು. ಕಾಯುವ ಹಕ್ಕು ಕೈತಪ್ಪುವುದನ್ನು ಸಹಿಸುವುದು ಕಷ್ಟ, ಏಕೆಂದರೆ ಸಾಮಾನ್ಯ ಹೂಡಿಕೆದಾರರ ಬಳಿ ಇರುವ ಬಲವೇ ಅದೊಂದು.

ಚಿಕ್ಕ ಪೇಟೆಯಲ್ಲಿ ಈ ಕಷ್ಟ ಹೆಚ್ಚು. ಕೆಲವೇ ಷೇರುಗಳು, ಎಲ್ಲರ ಅಡಮಾನವೂ ಅವೇ. ಒಬ್ಬರ ಗೆರೆ ದಾಟಿದಾಗ ಬ್ಯಾಂಕು ಮಾರುತ್ತದೆ, ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿಯುತ್ತದೆ, ಅದರಿಂದ ಮತ್ತೊಬ್ಬರ ಗೆರೆ ದಾಟುತ್ತದೆ. ಕೊಳ್ಳುವವರು ಸಿಗದೆ, ಗೆರೆಯ ಹತ್ತಿರದ ಬೆಲೆಗೆ ಮಾರಲಾಗದೆ, ಬ್ಯಾಂಕಿಗೂ ಅಸಲು ಸಿಗುವುದಿಲ್ಲ.

ಹಾಗಾದರೆ ಸಾಲವೇ ಬೇಡವೇ? ನನ್ನ ಕೈಯಲ್ಲಿದ್ದರೆ ಬೇಡ ಎನ್ನುತ್ತೇನೆ. ಮಾಡಿಯೇ ತೀರುತ್ತೇನೆ ಎನ್ನುವವರು, ಬೆಂಗಳೂರಿನ ಬ್ರೋಕರ್ ಆಗಲಿ ಮಸ್ಕತ್ತಿನ ಬ್ಯಾಂಕಾಗಲಿ, ಸಹಿ ಹಾಕುವ ಮುನ್ನ ಫೋನ್ ಬರುವ ಬೆಲೆಯನ್ನು ತಾವೇ ಲೆಕ್ಕ ಹಾಕಿಕೊಳ್ಳಬೇಕು. ಒಂದರಿಂದ ಗೆರೆಯನ್ನು ಕಳೆಯಿರಿ, 0.30 ಇದ್ದರೆ ಉಳಿಯುವುದು 0.70. ಸಾಲವನ್ನು ಅದರಿಂದ ಭಾಗಿಸಿ, ಬಂದದ್ದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 1,000ವನ್ನು 0.70ರಿಂದ ಭಾಗಿಸಿದರೆ 1,428. ಸಾವಿರ ಷೇರಿಗೆ ಹಂಚಿದರೆ 1.428 ರಿಯಾಲ್. ಕೊಂಡ ಬೆಲೆಗಿಂತ ಶೇ 29ರಷ್ಟು ಕೆಳಗೆ. ನಂತರ ಒಂದೇ ಪ್ರಶ್ನೆ: ಈ ಪೇಟೆ ಹಿಂದೆ ಅಷ್ಟು ಇಳಿದದ್ದಿದೆಯೇ? ಮಸ್ಕತ್ತಿನ ಮಟ್ಟಿಗೆ ಉತ್ತರ ದಾಖಲೆಯಲ್ಲಿದೆ. 1998ರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯಿತು. 2008ರ ಜೂನಿನಲ್ಲಿ 12,000ದ ಆಸುಪಾಸಿನಲ್ಲಿದ್ದ ಸೂಚ್ಯಂಕ ಆ ವರ್ಷದ ಕೊನೆಗೆ 5,500ಕ್ಕೂ ಕೆಳಗೆ ಬಂತು. ಹತ್ತು ವರ್ಷಗಳ ಅಂತರದಲ್ಲಿ, ಶಿಖರದ ಹತ್ತಿರ ಅರ್ಧ ಸಾಲದಲ್ಲಿ ಕೊಂಡವರಿಗೆ ಆ ಫೋನ್ ಎರಡು ಸಲವೂ ಬರಬೇಕಿತ್ತು.